ಕಂತು ಬೀಳುವ ತಿಂಗಳು
(ಮಿಷಿಗನ್ನಿನ ನೋವೈಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ನಾನು ಮಾರ್ಕೆಟಿಂಗ್ ಓದಿದವನಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಬ್ಯಾಂಕಿನ ಕೆಲಸ ಮಾಡಿದವನು. ಸಾಲದ ಅರ್ಜಿ ಹಿಡಿದುಕೊಂಡು ತೋಟ, ಗದ್ದೆ, ಕೊಟ್ಟಿಗೆ ಸುತ್ತಿದವನು. ಈಗ ಮಗಳ ಮನೆಯಲ್ಲಿ, ಇಲ್ಲೇ ನೋವೈಯಲ್ಲಿ ಇದ್ದೇನೆ.

ಇವತ್ತಿನ ವಿಷಯ ಬಂದದ್ದು ಮೊಮ್ಮಗಳ ಅಸೈನ್‌ಮೆಂಟಿನಿಂದ. ಅಭಿವೃದ್ಧಿ ಹೊಂದುತ್ತಿರುವ ದೇಶವೊಂದರ ಹಳ್ಳಿಯ ಮಾರುಕಟ್ಟೆಗೆ ಮಾರ್ಕೆಟಿಂಗ್ ಮಿಕ್ಸನ್ನು ಹೇಗೆ ಹೊಂದಿಸುತ್ತೀರಿ ಎಂಬುದು ಪ್ರಶ್ನೆ. ಮಿಕ್ಸ್ ಅಂದರೆ ನಾಲ್ಕು 'ಪಿ'ಗಳು: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ವಸ್ತು, ಬೆಲೆ, ಅದು ಸಿಗುವ ಜಾಗ, ಅದರ ಪ್ರಚಾರ. ಅವಳು ಹಾಳೆಯಲ್ಲಿ ನಾಲ್ಕು ಚೌಕ ಎಳೆದು ತುಂಬಿದ್ದಳು. ವಸ್ತು: ಸಣ್ಣ ಪ್ಯಾಕೆಟ್. ಬೆಲೆ: ಕಡಿಮೆ. ಜಾಗ: ಹಳ್ಳಿಯಿಂದ ಹಳ್ಳಿಗೆ ಹೋಗುವ ವ್ಯಾನು. ಪ್ರಚಾರ: ಗೋಡೆಬರಹ. "ಸರಿ ಇದೆಯಾ ಅಜ್ಜ?" ಅಂದಳು. ತಪ್ಪೆಂದು ಹೇಳುವ ಹಾಗಿರಲಿಲ್ಲ. ಆದರೆ ನಾನು ಕಂಡ ಹಳ್ಳಿ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಏನು ಬಿಟ್ಟುಹೋಗಿದೆ ಎಂದು ಅವಳಿಗೆ ಹೇಳಲು ನನಗೆ ಎರಡು ಸಂಜೆ ಹಿಡಿಯಿತು. ಆ ಎರಡು ಸಂಜೆಯ ಮಾತೇ ಈ ಉಪನ್ಯಾಸ.

ಈ ನಾಲ್ಕು 'ಪಿ'ಗಳನ್ನು 1960ರಲ್ಲಿ ತಮ್ಮ ಪಠ್ಯಪುಸ್ತಕದಲ್ಲಿ ಒಟ್ಟು ಮಾಡಿ ಕೊಟ್ಟವರು ಜೆರೋಮ್ ಮೆಕಾರ್ಥಿ. ಮುಂದೆ ಬಹಳ ಕಾಲ ಪಾಠ ಮಾಡಿದ್ದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಇಲ್ಲಿಂದ ಒಂದು ಗಂಟೆ ದಾರಿಯ ಈಸ್ಟ್ ಲ್ಯಾನ್ಸಿಂಗಿನಲ್ಲಿ. ಹಳ್ಳಿಯ ಬಡವರೂ ಗಿರಾಕಿಗಳೇ ಎಂದು ದೊಡ್ಡ ಕಂಪನಿಗಳಿಗೆ ಮನವರಿಕೆ ಮಾಡಿದ ಸಿ.ಕೆ. ಪ್ರಹ್ಲಾದ್ ಇದ್ದದ್ದು ಇನ್ನೂ ಹತ್ತಿರ, ಆನ್ ಆರ್ಬರಿನಲ್ಲಿ. ಹಾಗಾಗಿ ಈ ವಿಷಯದ ಎರಡು ದೊಡ್ಡ ಮನೆಗಳ ನಡುವೆ ನಿಂತು ನಾನು ಮಾತಾಡುತ್ತಿದ್ದೇನೆ. ನಾನು ಹೇಳುವುದು ಮಾತ್ರ ಒಂದು ದೀಪದ ಕಥೆ.

ಮೊದಲು ಬೆಲೆಯ ಚೌಕ ತೆಗೆದುಕೊಳ್ಳುತ್ತೇನೆ. ಉಳಿದ ಮೂರೂ ಅದಕ್ಕೆ ಗಂಟು ಬಿದ್ದಿವೆ.

ನೀವೆಲ್ಲ ಕಾರಿನ ಊರಿನವರು. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಅನ್ನ ಕಾರಿನಿಂದಲೇ ಬರುತ್ತದೆ. ಈ ಸೀಮೆಯದೇ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಹೆನ್ರಿ ಫೋರ್ಡ್ ಕಾರಿನ ಬೆಲೆಯನ್ನು ವರ್ಷ ವರ್ಷ ಇಳಿಸುತ್ತಾ ಹೋದರು. ಬೆಲೆ ಇಳಿದರೆ ರೈತನೂ ಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ, ಬಹಳ ಕಾಲ ಅದು ನಿಜವೂ ಆಯಿತು. ಸಾಲದ ಮೇಲೆ ಮಾರುವುದು ಮಾತ್ರ ಅವರಿಗೆ ಒಗ್ಗದ ಮಾತು. ಜನರಲ್ ಮೋಟರ್ಸ್ 1919ರಲ್ಲೇ ಜಿಮ್ಯಾಕ್ ಎಂಬ ಸಾಲದ ಕಂಪನಿ ತೆರೆದು ಕಂತಿನಲ್ಲಿ ಕಾರು ಕೊಡಲು ಶುರುಮಾಡಿತು. ಅದಕ್ಕೆ ಉತ್ತರವಾಗಿ ಫೋರ್ಡ್ 1923ರಲ್ಲಿ ವಾರದ ಉಳಿತಾಯದ ಯೋಜನೆ ತಂದರು. ವಾರಕ್ಕೆ ಐದು ಡಾಲರಿನಂತೆ ಕಟ್ಟುತ್ತಾ ಹೋಗು, ಪೂರ್ತಿ ಹಣ ಸೇರಿದ ಮೇಲೆ ಕಾರು ತೆಗೆದುಕೊಂಡು ಹೋಗು. ಜನ ಹೆಸರು ಬರೆಸಿದರು, ಆದರೆ ಬಹಳ ಮಂದಿ ಕೊನೆ ಮುಟ್ಟಲಿಲ್ಲ. ದುಡ್ಡು ಕಟ್ಟುತ್ತಾ ನಡೆದುಕೊಂಡೇ ಓಡಾಡುವುದು, ಕಾರು ಓಡಿಸುತ್ತಾ ದುಡ್ಡು ಕಟ್ಟುವುದು, ಈ ಎರಡರಲ್ಲಿ ಯಾರು ಯಾವುದನ್ನು ಆರಿಸುತ್ತಾರೆ? 1928ರಲ್ಲಿ ಫೋರ್ಡ್ ಕೂಡ ತಮ್ಮದೇ ಸಾಲದ ಕಂಪನಿ ತೆರೆಯಬೇಕಾಯಿತು. ಅಷ್ಟರಲ್ಲಿ ಜನರಲ್ ಮೋಟರ್ಸಿನ ಷೆವ್ರೊಲೆ ಮುಂದೆ ಹೋಗಿತ್ತು.

ಅದೇ 1928ರಲ್ಲಿ ನಮ್ಮ ಕರಾವಳಿಯಲ್ಲಿ ಇನ್ನೊಂದು ಕೆಲಸ ನಡೆಯಿತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಪುಟ್ಟ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಠೇವಣಿ ಶುರುಮಾಡಿತು. ಅದರ ಹಿಂದಿದ್ದವರು ಡಾ. ಟಿ.ಎಂ.ಎ. ಪೈ. ಬ್ಯಾಂಕಿನ ಏಜೆಂಟ್ ಪ್ರತಿದಿನ ಅಂಗಡಿಗೆ, ಮನೆಗೆ ಬಂದು ಎರಡಾಣೆ ಇಸಿದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಮೀನು ಮಾರುವವಳಿಗೆ, ಹೂ ಕಟ್ಟುವವಳಿಗೆ, ನೇಕಾರನಿಗೆ ತಿಂಗಳ ಕೊನೆ ಅಂತ ಒಂದು ದಿನವಿಲ್ಲ. ಅವರಿಗೆ ಇರುವುದು ಸಂಜೆ. ಬ್ಯಾಂಕು ತನ್ನ ಗಡಿಯಾರವನ್ನು ಆ ಸಂಜೆಗೆ ಹೊಂದಿಸಿಕೊಂಡಿತು. ಪಿಗ್ಮಿ ಉಳಿತಾಯದ ಯೋಜನೆ, ಸಾಲದ್ದಲ್ಲ, ನಿಜ. ಆದರೆ ನಾನು ಬ್ಯಾಂಕಿಗೆ ಸೇರಿದಾಗ ಹಿರಿಯ ಮ್ಯಾನೇಜರೊಬ್ಬರು ನನಗೆ ಹೇಳಿಕೊಟ್ಟ ಮೊದಲ ಪಾಠ ಇದರಿಂದಲೇ ಬಂದದ್ದು. "ಎಷ್ಟು ಕೊಡ್ತೀಯ ಅಂತ ಆಮೇಲೆ ಕೇಳು ಮಾರಾಯ. ದುಡ್ಡು ಕೈಗೆ ಬರೋದು ಯಾವಾಗ ಅಂತ ಮೊದಲು ಕೇಳು."

ಈಗ ದೀಪಕ್ಕೆ ಬರುತ್ತೇನೆ.

1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರುವಾಯಿತು. ಕಟ್ಟಿದವರು ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್. ಹಂದೆಯವರ ಮೂಲ ಕುಂದಾಪುರದ ಕಡೆಯ ಹಂದಟ್ಟು, ಬೆಳೆದದ್ದು ಒಡಿಶಾದ ರೂರ್ಕೆಲದಲ್ಲಿ, ಡಾಕ್ಟರೇಟ್ ಮಾಡಿದ್ದು ಇದೇ ದೇಶದಲ್ಲಿ, ಮ್ಯಾಸಚುಸೆಟ್ಸಿನಲ್ಲಿ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಿಮ್ಮಲ್ಲಿ ಹಲವರು ಆ ಸುದ್ದಿ ಓದಿರುತ್ತೀರಿ. ಕರೆಂಟು ಇಲ್ಲದ ಅಥವಾ ಇದ್ದೂ ಇಲ್ಲದಂತಿದ್ದ ಮನೆಗಳಿಗೆ ಸೋಲಾರ್ ದೀಪ ಮಾರುವುದು ಅವರ ಕೆಲಸವಾಗಿತ್ತು. ದಾನವಾಗಿ ಕೊಡುವ ಮಾತಿರಲಿಲ್ಲ, ಲೆಕ್ಕ ಹಾಕಿ ಮಾರಬೇಕಿತ್ತು.

ಶಾಂಪೂ ಮಾರುವವರಿಗಿದ್ದ ಅನುಕೂಲ ಇಲ್ಲಿರಲಿಲ್ಲ. ಕಡಲೂರಿನ ಸಿ.ಕೆ. ರಂಗನಾಥನ್ 1983ರಲ್ಲಿ ಶುರುಮಾಡಿದ ಚಿಕ್ ಶಾಂಪೂವನ್ನು ಸ್ಯಾಷೆಯಲ್ಲಿ ತುಂಬಿ, ಪೆಟ್ಟಿಗೆ ಅಂಗಡಿಯ ಸರಕ್ಕೆ ತೂಗುಹಾಕಿ ಮಾರಬಹುದಿತ್ತು. ನನ್ನ ಮೊಮ್ಮಗಳ ಹಾಳೆಯ ಸಣ್ಣ ಪ್ಯಾಕೆಟ್ ಅಲ್ಲಿಂದ ಬಂದದ್ದು, ಎಲ್ಲ ಪಠ್ಯಪುಸ್ತಕಕ್ಕೂ ಅಚ್ಚುಮೆಚ್ಚಿನ ಉದಾಹರಣೆ ಅದು. ದೀಪವನ್ನು ಸ್ಯಾಷೆಯಲ್ಲಿ ತುಂಬಲು ಬರುವುದಿಲ್ಲ. ಪ್ಯಾನೆಲ್ಲು, ಬ್ಯಾಟರಿ, ಚಾರ್ಜ್ ನಿಯಂತ್ರಿಸುವ ಪೆಟ್ಟಿಗೆ, ವೈರು, ಬಲ್ಬು ಎಲ್ಲವೂ ಒಂದೇ ದಿನ ಮನೆಗೆ ಬರಬೇಕು. ಹತ್ತು ವರ್ಷದ ಸೀಮೆಎಣ್ಣೆಯನ್ನು ಒಂದೇ ದಿನ ಕೊಂಡ ಹಾಗೆ. ಹಾಗಿರುವಾಗ ಸಣ್ಣದು ಮಾಡಬಹುದಾದದ್ದು ದುಡ್ಡು ಕೊಡುವ ರೀತಿಯೊಂದನ್ನೇ.

ಒಂದು ಮನೆಯ ಲೆಕ್ಕ ಹಾಕೋಣ. ನಾಲ್ಕು ದೀಪದ ವ್ಯವಸ್ಥೆಗೆ ಹದಿನೆಂಟು ಸಾವಿರ ರೂಪಾಯಿ ಎಂದು ಇಟ್ಟುಕೊಳ್ಳಿ. ಶೇಕಡ 15 ಮುಂಗಡ, ಅಂದರೆ 2,700. ಉಳಿದ 15,300 ರೂಪಾಯಿ ಶೇಕಡ 12ರ ಬಡ್ಡಿಯಲ್ಲಿ ಐದು ವರ್ಷದ ಸಾಲ. ತಿಂಗಳ ಕಂತು 340 ರೂಪಾಯಿ ಬರುತ್ತದೆ, ದಿನಕ್ಕೆ ಹನ್ನೊಂದು ರೂಪಾಯಿಯ ಆಸುಪಾಸು. ಬೀದಿಬದಿಯ ವ್ಯಾಪಾರಿಯೊಬ್ಬರು ತಿಂಗಳಿಗೆ ಮುನ್ನೂರು ಕಷ್ಟ, ದಿನಕ್ಕೆ ಹತ್ತು ಆದರೆ ಕೊಡಬಲ್ಲೆ ಎಂದ ಪ್ರಸಂಗವನ್ನು ಹಂದೆ ಅನೇಕ ಕಡೆ ಹೇಳಿದ್ದಾರೆ. ಕಾಲೇಜಿನಲ್ಲಿ ಕೂತು ನೋಡಿದರೆ ಎರಡೂ ಒಂದೇ ಮೊತ್ತ. ಗಾಡಿ ತಳ್ಳುವವರಿಗೆ ಒಂದೇ ಅಲ್ಲ. ದಿನದ ಹತ್ತು ರೂಪಾಯಿ ದಿನದ ವ್ಯಾಪಾರದಿಂದ ಹುಟ್ಟುತ್ತದೆ. ಮುನ್ನೂರನ್ನು ಮೂವತ್ತು ದಿನ ಖರ್ಚಾಗದಂತೆ ಕಾಯಬೇಕು. ಹುಷಾರಿಲ್ಲದ ಮಗು, ಮನೆಗೆ ಬಂದ ನೆಂಟರು, ಪೊಲೀಸರಿಗೆ ಕೊಡಬೇಕಾದದ್ದು, ಇಷ್ಟರ ನಡುವೆ ಅದನ್ನು ಕಾಯುವುದು ಬೇರೆಯದೇ ಒಂದು ದುಡಿಮೆ.

ನನ್ನ ಕಾರ್ಯಕ್ಷೇತ್ರ ಅಡಿಕೆಯ ಸೀಮೆ. ಅಲ್ಲಿ ದಿನದ ಲೆಕ್ಕವೂ ಹೊಂದುವುದಿಲ್ಲ, ತಿಂಗಳ ಲೆಕ್ಕವೂ ಹೊಂದುವುದಿಲ್ಲ. ನವೆಂಬರಿನಿಂದ ಕೊನೆ ಕೊಯ್ಲು. ಕೆಂಪಡಿಕೆ ಮಾಡುವವರು ಹಸಿಕಾಯಿಯನ್ನು ತಡಮಾಡದೆ ಸುಲಿದು, ಬೇಯಿಸಿ, ಒಣಗಿಸಬೇಕು. ಒಣಗಿದ ಮಾಲು ಸೊಸೈಟಿಗೆ ಹೋಗಿ ಟೆಂಡರಿನಲ್ಲಿ ಮಾರಾಟವಾಗಿ ಬೆಳೆಗಾರನ ಖಾತೆಗೆ ದುಡ್ಡು ಬೀಳುವಾಗ ಫೆಬ್ರವರಿ, ಮಾರ್ಚು, ಕೆಲವರಿಗೆ ಮೇ. ಸುಲಿಯಲು ಬರುವ ಕೂಲಿ ಮನೆಗಳಿಗೆ ಚಳಿಗಾಲದ ಮೂರು ನಾಲ್ಕು ತಿಂಗಳು ಕೈತುಂಬ ಕೆಲಸ. ಜೂನ್ ಮಳೆ ಹಿಡಿದರೆ ಆಗಸ್ಟಿನವರೆಗೆ ಕೈ ಖಾಲಿ. ಇಂಥ ಮನೆಗೆ ತಿಂಗಳಿಗೆ 340 ಎಂದು ಕಂತು ಕಟ್ಟಿದರೆ ಜುಲೈಯಲ್ಲಿ ಸಾಲ ಸುಸ್ತಿಯಾಗುತ್ತದೆ. ಸುಸ್ತಿಯಾಗುವುದು ಅವರಿಗೆ ನಿಯತ್ತಿಲ್ಲದ್ದರಿಂದಲ್ಲ, ನಾವು ಆರಿಸಿದ ತಾರೀಕಿನಿಂದ.

ಅದೇ 15,300 ರೂಪಾಯಿಯನ್ನು ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯಲ್ಲಿ ಕಟ್ಟುವಂತೆ ಮಾಡಿದರೆ ಕಂತು 4,244 ರೂಪಾಯಿ. ತಿಂಗಳ ಕಂತು ಹನ್ನೆರಡು ಸೇರಿದರೆ ಸುಮಾರು 4,080. ವರ್ಷದ ಕಂತಿನಲ್ಲಿ ನೂರ ಅರವತ್ತು ರೂಪಾಯಿ ಹೆಚ್ಚೇ ಬೀಳುತ್ತದೆ. ಆದರೂ ತೋಟದವರು ಅದನ್ನೇ ಆರಿಸಿದರು. ಬಡ್ಡಿ ಇಳಿಸುವ ದಾರಿಯನ್ನೂ ನಾವು ನೋಡಿದ್ದೇವೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಸೋಲಾರ್ ಸಾಲದ ಬಡ್ಡಿಗೆ ನೆರವು ಕೊಟ್ಟಿತು. ಅದರಿಂದ ಬ್ಯಾಂಕುಗಳ ಅಂಜಿಕೆ ಹೋಯಿತು, ಅದು ದೊಡ್ಡ ಉಪಕಾರ. ಆದರೆ ನಮ್ಮ ಮನೆಯ ಲೆಕ್ಕದಲ್ಲಿ ಬಡ್ಡಿ 12ರಿಂದ 5ಕ್ಕೆ ಇಳಿದರೂ ತಿಂಗಳ ಕಂತು 340ರಿಂದ 289ಕ್ಕೆ ಇಳಿಯುತ್ತದೆ, ಅಷ್ಟೆ. ಜುಲೈಯಲ್ಲಿ ಕೈಯಲ್ಲಿ ಏನೂ ಇಲ್ಲದವರಿಗೆ 289 ಕೂಡ ಇಲ್ಲ. ಮೊಮ್ಮಗಳ ಬೆಲೆಯ ಚೌಕದಲ್ಲಿದ್ದ 'ಕಡಿಮೆ' ಎಂಬ ಪದ ಅಳಿಸಿ, ಅಲ್ಲಿ ತಿಂಗಳ ಹೆಸರು ಬರೆ ಅಂದೆ.

ಮುಂಗಡದ 2,700 ಇನ್ನೊಂದು ಬಾಗಿಲು. ಕಂತು ಕಟ್ಟಬಲ್ಲ ಎಷ್ಟೋ ಮನೆಗಳು ಆ ಬಾಗಿಲಲ್ಲೇ ನಿಂತುಬಿಡುತ್ತಿದ್ದವು. ಸ್ವಸಹಾಯ ಸಂಘದ ಉಳಿತಾಯ ಅಲ್ಲಿ ಕೈಗೆ ಬಂತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳ ಮೂಲಕ ಕರಾವಳಿ ಮತ್ತು ಮಲೆನಾಡಿನಲ್ಲಿ ಬಹಳ ದೀಪಗಳು ಹೋದದ್ದು ಇದೇ ಕಾರಣಕ್ಕೆ. ಸಂಘದ ವಾರದ ಸಭೆಯಲ್ಲಿ ದುಡ್ಡು ಕಟ್ಟುವ ಅಭ್ಯಾಸ ಮೊದಲೇ ಇತ್ತು.

ಇನ್ನು ವಸ್ತುವಿನ ಮಾತು. ಇಲ್ಲಿ ಒಬ್ಬ ಹೆಂಗಸನ್ನು ನೆನೆಯಬೇಕು, ಹೆಸರು ಬೇಡ. ಡಿಸೆಂಬರಿನ ಒಂದು ಸಂಜೆ ಸೋಲಾರ್ ತಂತ್ರಜ್ಞನ ಜೊತೆ ಸಾಲದ ಪರಿಶೀಲನೆಗೆ ಅವರ ಮನೆಗೆ ಹೋಗಿದ್ದೆ. ಹುಡುಗ ಟೇಪು ಹಿಡಿದು ಜಗಲಿಗೊಂದು, ನಡುಮನೆಗೊಂದು, ಅಡುಗೆಮನೆಗೊಂದು, ಕೋಣೆಗೊಂದು ಎಂದು ಬರೆದುಕೊಳ್ಳುತ್ತಿದ್ದ. ಆಕೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದವರು ಹೊರಗೆ ಬಂದರು. "ಜಗಲಿಯಲ್ಲಿ ದೀಪ ಯಾರಿಗೆ ಬೇಕು ತಮಾ? ಬೆಳಕು ಬೇಕಾಗಿದ್ದು ನಮ್ಮ ಕೈಗೆ" ಎಂದು ಅಂಗಳದ ಚಪ್ಪರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿ ನೋಡಿದವರಿಗೆ ಗೊತ್ತು, ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಮೇಲ್ಮುಖವಾಗಿ ನಿಂತ ಕತ್ತಿಗೆ ಕಾಯಿಯನ್ನು ಒತ್ತಿ ಸಿಪ್ಪೆ ಬಿಡಿಸಬೇಕು. ನಡುವೆ ಎರಡು ಚಿಮಣಿ ಬುಡ್ಡಿ. ಪ್ರತಿಯೊಬ್ಬಳ ಕೈಯ ನೆರಳು ಅವಳ ಕತ್ತಿಯ ಮೇಲೇ ಬೀಳುತ್ತಿತ್ತು. ಆಕೆ ತಮ್ಮ ಹೆಬ್ಬೆರಳು ತೋರಿಸಿದರು. ಹಳೆಯ ಗಾಯ, ಅದರ ಮೇಲೆ ಹೊಸದು. ಅಳತೆಯ ಲೆಕ್ಕದ ಕೂಲಿ ಅದು, ಎಷ್ಟು ಸುಲಿದರೆ ಅಷ್ಟು. ಗಾಯವಾದ ರಾತ್ರಿ ಕೂಲಿ ಕಡಿಮೆ.

ತಂತ್ರಜ್ಞ ಹುಡುಗ ಬುದ್ಧಿವಂತ. ಬರೆದದ್ದು ಹೊಡೆದುಹಾಕಿದ. ಎರಡು ದೀಪ ಮನೆಗೆ, ಎರಡು ಚಪ್ಪರಕ್ಕೆ. ಚಪ್ಪರದವನ್ನು ತಲೆಯ ಮೇಲೆ ಎತ್ತರಕ್ಕೆ ಕಟ್ಟದೆ, ಕೂತವರ ಎದುರಿಗೆ ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ ತೂಗುಹಾಕಿದ, ನೆರಳು ಹಿಂದಕ್ಕೆ ಬೀಳಲಿ ಎಂದು. ಸುಲಿತ ಮುಗಿದ ಮೇಲೆ ಅವೇ ದೀಪ ಕಳಚಿ ಕೊಟ್ಟಿಗೆಗೆ ಮತ್ತು ಬಚ್ಚಲಿಗೆ ಸಿಕ್ಕಿಸಲು ಬೇರೆ ಹೋಲ್ಡರು ಕೊಟ್ಟ. ಒಂದು ದೀಪ, ಹಲವು ಹೋಲ್ಡರು ಎಂಬ ಈ ಉಪಾಯವನ್ನು ಸೆಲ್ಕೋ ಬೇರೆ ಕಡೆಗಳಲ್ಲೂ ಬಳಸಿದೆ. ದುಬಾರಿಯಾದದ್ದು ಬೆಳಕು, ಹೋಲ್ಡರಿನ ಬೆಲೆ ಹತ್ತಿಪ್ಪತ್ತು ರೂಪಾಯಿ.

ಇದರ ಲೆಕ್ಕವನ್ನೂ ಹೇಳುತ್ತೇನೆ, ಎಂಜಿನಿಯರುಗಳು ತುಂಬಿರುವ ಸಭೆ ಇದು. ಏಳು ವ್ಯಾಟಿನ ನಾಲ್ಕು ಸಿ.ಎಫ್.ಎಲ್. ದೀಪ ದಿನಕ್ಕೆ ನಾಲ್ಕು ಗಂಟೆ ಉರಿದರೆ 112 ವ್ಯಾಟ್-ಅವರ್. ನಲವತ್ತು ವ್ಯಾಟಿನ ಪ್ಯಾನೆಲ್ಲು ಒಳ್ಳೆಯ ಬಿಸಿಲಲ್ಲಿ, ನಷ್ಟ ಕಳೆದು, ಹೆಚ್ಚುಕಡಿಮೆ ಅಷ್ಟನ್ನು ಕೊಡುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ದಿನಕ್ಕೆ ಒಂಬತ್ತು ಆಂಪಿಯರ್-ಅವರ್‌ಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ಮೂರು ದಿನ ಬಿಸಿಲೇ ಇಲ್ಲದಿದ್ದರೂ ಉರಿಯಬೇಕು, ಬ್ಯಾಟರಿಯನ್ನು ಪೂರ್ತಿ ಬರಿದುಮಾಡಲೂ ಬಾರದು ಎಂದರೆ ಐವತ್ತು ಅರವತ್ತು ಆಂಪಿಯರ್-ಅವರಿನ ಬ್ಯಾಟರಿ ಬೇಕು. ಧಾರವಾಡದ ಬಯಲಿಗೆ ಇದು ಸಾಕು. ಸಿದ್ದಾಪುರದ ಆಷಾಢಕ್ಕೆ ಸಾಲದು, ಅಲ್ಲಿ ಮೂರು ದಿನವಲ್ಲ, ಮೂರು ವಾರ ಸೂರ್ಯ ಕಾಣದೆ ಇರಬಹುದು. ಹಾಗೆಂದು ಆಷಾಢಕ್ಕೆ ಸಾಲುವಷ್ಟು ದೊಡ್ಡ ಬ್ಯಾಟರಿ ಕೊಟ್ಟರೆ ಕಂತು ದುಪ್ಪಟ್ಟಾಗುತ್ತದೆ. ಆ ಮನೆಯವರನ್ನೇ ಕೇಳಿದೆವು. ಮಳೆಗಾಲದಲ್ಲಿ ಒಂದೇ ದೀಪ ಉರಿಸುತ್ತೇವೆ, ಸುಲಿತದ ಕಾಲದಲ್ಲಿ ನಾಲ್ಕೂ ಬೇಕು ಅಂದರು. ಸುಲಿತದ ಕಾಲದಲ್ಲಿ ಮಲೆನಾಡಿನ ಬಿಸಿಲು ಚೆನ್ನಾಗಿಯೇ ಇರುತ್ತದೆ. ಹೀಗೆ ವಸ್ತುವಿನ ಅಳತೆಯೂ ಕೊಯ್ಲಿನ ಪಂಚಾಂಗದಿಂದಲೇ ಬಂತು. ಮುಂದೆ ಎಲ್‌ಇಡಿ ಬಂದು ಅದೇ ಬೆಳಕಿಗೆ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕಾದಾಗ ಪ್ಯಾನೆಲ್ಲು ಬ್ಯಾಟರಿ ಎರಡೂ ಸಣ್ಣದಾದವು. ಹಳ್ಳಿಯ ಗಿರಾಕಿಗೆ ಸಿಕ್ಕ ನಿಜವಾದ ಬೆಲೆ ಇಳಿಕೆಗಳಲ್ಲಿ ಅದೂ ಒಂದು.

ಜಾಗದ ಚೌಕದ ವಿಚಾರದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳಲೇಬೇಕು.

ಒಂದು ವರ್ಷ ಒಬ್ಬ ಡೀಲರು ನಮ್ಮ ಶಾಖೆಗೆ ಬಂದ. ಬೆಲೆ ಎರಡು ಸಾವಿರ ಕಡಿಮೆ, ಮಾತು ಚುರುಕು. ಒಂದೇ ಕೇರಿಯ ಹನ್ನೊಂದು ಮನೆಗೆ ಸಾಲ ಮಂಜೂರು ಮಾಡಿದೆ. ಎರಡು ವರ್ಷ ಕಂತು ಸರಿಯಾಗಿ ಬಂತು. ಆಮೇಲೆ ಒಂದು ಚಳಿಗಾಲ, ಕೂಲಿ ಚೆನ್ನಾಗಿದ್ದ ಕಾಲದಲ್ಲೇ, ಹನ್ನೊಂದರಲ್ಲಿ ಒಂಬತ್ತು ಮನೆಯ ಕಂತು ನಿಂತಿತು. ವಸೂಲಿಗೆಂದು ಹೋದೆ. ಮನೆಮನೆಯಲ್ಲೂ ಬುಡ್ಡಿ ದೀಪ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು ಎಂದು ಯಾರೂ ಹೇಳಿರಲಿಲ್ಲ. ಒಂದು ಕಡೆ ಬಾವಿ ನೀರು ಹಾಕಿದ್ದರು. ಇನ್ನೊಂದು ಕಡೆ ನಿಯಂತ್ರಕದ ಪೆಟ್ಟಿಗೆ ಕೆಟ್ಟಿದೆ ಎಂದು ವೈರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟು ಟಿ.ವಿ. ಓಡಿಸಿದ್ದರು. ಮತ್ತೊಂದು ಮನೆಯ ಪ್ಯಾನೆಲ್ಲಿನ ಮೇಲೆ ಎರಡು ವರ್ಷದಲ್ಲಿ ಎತ್ತರವಾದ ಅಡಿಕೆ ಮರದ ನೆರಳು. ಡೀಲರಿನ ಅಂಗಡಿ ಮುಚ್ಚಿತ್ತು. "ದೀಪ ಉರಿಯೋದಿಲ್ಲ, ದುಡ್ಡು ಯಾಕೆ ಕಟ್ಟಬೇಕು ಸಾಹೇಬ್ರೇ?" ಎಂದು ಒಬ್ಬರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮಂಜೂರು ಮಾಡುವಾಗ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದಿತ್ತು: ರಿಪೇರಿ ಮಾಡುವ ಹುಡುಗನ ಮನೆ ಎಲ್ಲಿ?

ಅಲ್ಲಿಂದಾಚೆ ನಾನು ಸುಸ್ತಿಯ ಪಟ್ಟಿಯನ್ನು ಓದುವ ರೀತಿಯೇ ಬದಲಾಯಿತು. ಬೇರೆ ಬೇರೆ ಊರಿನ ಸಾಲಗಳು ಪ್ರತಿ ವರ್ಷ ಅದೇ ತಿಂಗಳಲ್ಲಿ ತಡವಾದರೆ ಕಂತಿನ ತಾರೀಕು ತಪ್ಪಾಗಿದೆ ಎಂದು ಅರ್ಥ, ಬದಲಿಸಿಕೊಡಬೇಕು. ಒಂದೇ ಊರಿನ ಸಾಲಗಳು ಯಾವ ತಿಂಗಳಲ್ಲಾದರೂ ಒಟ್ಟಿಗೆ ನಿಂತರೆ ದೀಪ ಆರಿದೆ ಎಂದು ಅರ್ಥ, ನೋಟೀಸು ಕಳಿಸುವ ಮೊದಲು ತಂತ್ರಜ್ಞನನ್ನು ಕಳಿಸಬೇಕು. ಒಂದೇ ಒಂದು ಮನೆ ನಿಂತರೆ ಆ ಮನೆಯಲ್ಲಿ ಕಾಯಿಲೆಯೋ ಸಾವೋ ಆಗಿರುತ್ತದೆ, ಹೋಗಿ ಮಾತಾಡಬೇಕು. ನನ್ನ ಇಡೀ ನೌಕರಿಯಲ್ಲಿ ಇಷ್ಟು ಕೆಲಸಕ್ಕೆ ಬಂದ ಲೆಕ್ಕಶಾಸ್ತ್ರ ಇನ್ನೊಂದಿಲ್ಲ.

ಸೆಲ್ಕೋ ಕೂಡ ಡೀಲರುಗಳ ಮೂಲಕ ಬೇಗ ಹಬ್ಬಲು ಹೋಗಿ, ಪೆಟ್ಟು ತಿಂದು, ತನ್ನದೇ ಸೇವಾ ಕೇಂದ್ರಗಳ ದಾರಿಗೆ ಮರಳಿತು. ಹತ್ತಿರದ ತಾಲ್ಲೂಕು ಕೇಂದ್ರದಲ್ಲಿ ಶಾಖೆ, ಅದೇ ಸೀಮೆಯ ಹುಡುಗರು, ಗಿರಾಕಿಯ ಮನೆಗೆ ಬೈಕಿನಲ್ಲಿ ಗಂಟೆ ಎರಡು ಗಂಟೆಯ ದಾರಿ. ಇದು ಖರ್ಚಿನ ಕೆಲಸ. ಬೆಂಗಳೂರಿನಲ್ಲಿ ಒಬ್ಬ ತಂತ್ರಜ್ಞ ದಿನಕ್ಕೆ ಹತ್ತು ಮನೆ ನೋಡಬಹುದು, ಮಲೆನಾಡಿನಲ್ಲಿ ಮೂರು ನೋಡಿದರೆ ಹೆಚ್ಚು. ಆ ಖರ್ಚನ್ನು ದೀಪದ ಬೆಲೆಯಲ್ಲೇ ಸೇರಿಸಬೇಕು. ಡೀಲರು ಎರಡು ಸಾವಿರ ಕಡಿಮೆಗೆ ಕೊಟ್ಟದ್ದು ಯಾವುದನ್ನು ಕಳೆದು ಎಂದು ಈಗ ನನಗೆ ಗೊತ್ತು.

ಪ್ರಚಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಬರಹದಿಂದ ಹೆಸರು ತಿಳಿಯುತ್ತದೆ. ಹದಿನೈದು ಸಾವಿರದ ಸಾಲಕ್ಕೆ ಸಹಿ ಹಾಕಲು ಹೆಸರು ಸಾಲದು, ಕಣ್ಣಾರೆ ಕಂಡಿರಬೇಕು. ಆ ಚಪ್ಪರದ ಎರಡು ದೀಪದ ಕೆಳಗೆ ಕೂತು ಸುಲಿದ ಆರು ಹೆಂಗಸರು ಆರು ಮನೆಯವರು. ಮುಂದಿನ ವರ್ಷ ಅವರಲ್ಲಿ ನಾಲ್ವರು ಅರ್ಜಿ ಹಾಕಿದರು. ಹಾಗೆಯೇ ಆ ಹನ್ನೊಂದು ಮನೆಯ ಕೇರಿಯ ಸುತ್ತ ಮೂರು ನಾಲ್ಕು ವರ್ಷ ಒಬ್ಬರೂ ಸೋಲಾರ್ ಎಂಬ ಮಾತೆತ್ತಲಿಲ್ಲ.

ಪ್ರಹ್ಲಾದರ ಮಾತಿಗೆ ಆನ್ ಆರ್ಬರಿನಲ್ಲೇ, ಅದೇ ಕಾಲೇಜಿನಲ್ಲೇ ಎದುರು ವಾದ ಹೂಡಿದವರು ಅನೀಲ್ ಕರ್ನಾನಿ. ಬಡವರಿಗೆ ಮಾರಿ ಶ್ರೀಮಂತರಾಗಬಹುದು, ಅದರಿಂದ ಬಡತನವೂ ಹೋಗುತ್ತದೆ ಎಂಬುದು ಮರೀಚಿಕೆ ಎಂದು ಅವರು 2007ರಲ್ಲಿ ಬರೆದರು. ಬಡವರನ್ನು ಕೊಳ್ಳುವವರಾಗಿ ನೋಡುವುದಕ್ಕಿಂತ ಉತ್ಪಾದಿಸುವವರಾಗಿ ನೋಡಿ, ಅವರ ಸಂಪಾದನೆ ಹೆಚ್ಚಿಸಿ ಎಂಬುದು ಅವರ ವಾದ. ಮೊಮ್ಮಗಳು ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದಳು. ನನ್ನ ಒಲವು ಕರ್ನಾನಿಯವರ ಕಡೆಗೆ. ಜಗಲಿಯ ದೀಪದ ಸಾಲವನ್ನೂ ಚಪ್ಪರದ ದೀಪದ ಸಾಲವನ್ನೂ ನಾನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಚಪ್ಪರದ್ದು ತನ್ನ ಕಂತನ್ನು ತಾನೇ ದುಡಿಯುತ್ತಿತ್ತು. ಜಗಲಿಯದು ಬೇರೆ ಎಲ್ಲಿಂದಲೋ ತೆಗೆದುಕೊಳ್ಳುತ್ತಿತ್ತು. ಆದರೆ ಓದುವ ಮಗುವಿನ ಮುಂದಿನ ದೀಪವನ್ನು ಯಾವ ಕಡೆ ಸೇರಿಸಬೇಕು ಎಂದು ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.

ಕಂತಿನಲ್ಲಿ ದೀಪ ಮಾರುವ ಈ ಮಾದರಿಗೆ ಮಿತಿಗಳಿವೆ. 2004ರ ಸುಮಾರಿಗೆ ಜರ್ಮನಿ ಸೋಲಾರಿಗೆ ದೊಡ್ಡ ಪ್ರೋತ್ಸಾಹ ಕೊಟ್ಟಿತು. ಜಗತ್ತಿನ ಸಿಲಿಕಾನೆಲ್ಲ ಆ ಕಡೆ ಹರಿದು ಪ್ಯಾನೆಲ್ಲಿನ ಬೆಲೆ ಏರಿತು, ಸೆಲ್ಕೋ ನಷ್ಟಕ್ಕೆ ಬಿತ್ತು. ಹಳ್ಳಿಯ ಕಂತನ್ನು ಎಷ್ಟು ಚೆನ್ನಾಗಿ ಹೊಂದಿಸಿದರೂ ಆ ಏಟನ್ನು ತಡೆಯಲು ಆಗುತ್ತಿರಲಿಲ್ಲ, ಹೊರಗಿನ ಹೂಡಿಕೆದಾರರ ಆಸರೆ ಬೇಕಾಯಿತು. ಇನ್ನೊಂದು ಮಿತಿ ಕರೆಂಟು. ಈಗ ಬಹುತೇಕ ಹಳ್ಳಿಗಳಿಗೆ ತಂತಿ ಬಂದಿದೆ, 2023ರಿಂದ ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್‌ವರೆಗೆ ಬಿಲ್ಲೂ ಇಲ್ಲ. ಮನೆದೀಪಕ್ಕೆಂದು ಸಾಲ ಮಾಡುವವರು ಕಡಿಮೆಯಾಗಿದ್ದಾರೆ. ಸೆಲ್ಕೋದವರೂ ಈಗ ಹೊಲಿಗೆ ಯಂತ್ರ, ಜೋಳದ ರೊಟ್ಟಿ ಮಾಡುವ ಯಂತ್ರ, ಹಾಲು ಕರೆಯುವ ಯಂತ್ರ, ಪ್ರಾಥಮಿಕ ಆರೋಗ್ಯ ಕೇಂದ್ರದ ವಿದ್ಯುತ್ತು ಇಂಥ ಕಡೆಗೆ ಹೊರಳಿದ್ದಾರೆ. ಕಂತಿನ ಪಂಚಾಂಗವನ್ನು ಅಲ್ಲಿ ಹೊಸದಾಗಿ ಬರೆಯಬೇಕು. ರೊಟ್ಟಿ ಮಾರುವವರಿಗೆ ದಿನದ ಸಂಪಾದನೆ, ಹಾಲಿನವರಿಗೆ ಡೈರಿಯ ಬಟವಾಡೆಯ ದಿನ, ಹೊಲಿಯುವವರಿಗೆ ಹಬ್ಬ ಮತ್ತು ಮದುವೆಯ ತಿಂಗಳು.

ಮೊಮ್ಮಗಳ ಹಾಳೆಯಲ್ಲಿ ಕೊನೆಗೆ ನಾಲ್ಕು ಚೌಕ ಉಳಿಯಲಿಲ್ಲ. ಅವಳು ಹನ್ನೆರಡು ತಿಂಗಳ ಒಂದು ಪಟ್ಟಿ ಎಳೆದಳು. ಒಂದು ಸಾಲಿನಲ್ಲಿ ದುಡ್ಡು ಬರುವ ತಿಂಗಳು, ಅದರ ಕೆಳಗೆ ಬೆಳಕು ಬೇಕಾಗುವ ತಿಂಗಳು, ಅದರ ಕೆಳಗೆ ಬಿಸಿಲು ಇರುವ ತಿಂಗಳು, ಕೊನೆಯ ಸಾಲಿನಲ್ಲಿ ತಂತ್ರಜ್ಞ ಮನೆಗೆ ಬರಬೇಕಾದ ತಿಂಗಳು. ಅವಳ ಪ್ರೊಫೆಸರ್ ಇದಕ್ಕೆ ಎಷ್ಟು ಅಂಕ ಕೊಡುತ್ತಾರೋ ನೋಡಬೇಕು.

ಇಲ್ಲಿಗೆ ಹೊರಡುವ ಮೊದಲು ಆ ಅಡಿಕೆ ಸುಲಿಯುವ ಮನೆಗೆ ಒಮ್ಮೆ ಹೋಗಿದ್ದೆ. ಆಕೆಗೆ ಈಗ ವಯಸ್ಸಾಗಿದೆ. ಮನೆಗೆ ಕರೆಂಟು ಬಂದಿದೆ, ಸುಲಿಯಲು ಯಂತ್ರವೂ ಬರುತ್ತದೆ. ಹಳೆಯ ಪ್ಯಾನೆಲ್ಲು ಮಾತ್ರ ಹೆಂಚಿನ ಮೇಲೆ ಹಾಗೆಯೇ ಇದೆ, ಕೊಟ್ಟಿಗೆಯ ದೀಪ ಅದರಿಂದಲೇ ಉರಿಯುತ್ತದೆ. ಬ್ಯಾಟರಿ ಮೂರನೆಯದಂತೆ. ಕೊಟ್ಟಿಗೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ತಾರೀಕುಗಳ ಉದ್ದದ ಸಾಲು ಕಂಡಿತು. ಏನದು ಎಂದು ಕೇಳಿದೆ. "ಬ್ಯಾಟರಿಗೆ ನೀರು ಹಾಕಿದ ದಿನ" ಎಂದರು. ಕೊನೆಯ ತಾರೀಕು ನಾನು ಹೋದದ್ದಕ್ಕೆ ಒಂದು ವಾರ ಹಿಂದಿನದು.